ಬೆವರಿದ ಇಯರ್‌ಬಡ್ ಮತ್ತು ನಾನು ಮಾಡಿದ ರೀಸೆಟ್‌ಗಳು

“ಓಡುವಾಗ ನನ್ನ ಇಯರ್‌ಬಡ್ ತಾನಾಗಿಯೇ ಹಾಡು ಬದಲಿಸುತ್ತದೆ, ಆಮೇಲೆ ಎಷ್ಟು ತಟ್ಟಿದರೂ ಕೇಳುವುದಿಲ್ಲ. ಮೂರು ಸಲ ರೀಸೆಟ್ ಮಾಡಿದೆ, ಸರಿಹೋಗಲಿಲ್ಲ. ಟಚ್ ಸೆನ್ಸರನ್ನು ಸರಿಯಾಗಿ ರೀಸೆಟ್ ಮಾಡುವುದು ಹೇಗೆ?”

ನೀವು ಮೂರು ಸಲಕ್ಕೇ ನಿಲ್ಲಿಸಿ ಕೇಳಿದ್ದೀರಿ; ನಾನು ಎರಡು ತಿಂಗಳ ಕಾಲ ಹೆಚ್ಚುಕಡಿಮೆ ದಿನವೂ ರೀಸೆಟ್ ಮಾಡಿ, ಕೊನೆಗೆ ಒಂದು ಇಯರ್‌ಬಡ್ಡನ್ನೇ ಕಳೆದುಕೊಂಡೆ. ಓಟ ಶುರುವಾಗಿ ಇಪ್ಪತ್ತು ನಿಮಿಷವಾಗುತ್ತಿದ್ದಂತೆ ಬಲಗಿವಿಯದು ಹಾಡು ಹಾರಿಸುತ್ತಿತ್ತು, ಯಾರೂ ಕರೆಯದೆ ಧ್ವನಿ ಸಹಾಯಕವನ್ನು ಎಬ್ಬಿಸುತ್ತಿತ್ತು. ಆಗ ನಾನು ನಿಂತು, ಅದನ್ನು ಕಿವಿಯಿಂದ ಕಿತ್ತು, ಕೇಸಿನೊಳಗೆ ಹಾಕಿ ಮುಚ್ಚಿ, ಮತ್ತೆ ತೆಗೆದು ಹಾಕಿಕೊಳ್ಳುತ್ತಿದ್ದೆ. ಎರಡು ನಿಮಿಷ ಸುಮ್ಮನಿರುತ್ತಿತ್ತು, ಆಮೇಲೆ ತಟ್ಟಿದರೂ ಮಿಸುಕುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಕೇಸಿನ ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ರೀಸೆಟ್ ಮಾಡಿ, ಫೋನಿನ ಬ್ಲೂಟೂತ್ ಪಟ್ಟಿಯಿಂದ ಅಳಿಸಿ, ಹೊಸದಾಗಿ ಜೋಡಿಸುತ್ತಿದ್ದೆ. ಮರುದಿನ ಮತ್ತೆ ಅದೇ ಕಥೆ.

ನಾನು ಮಾಡಿದ ತಪ್ಪು ಒಂದೇ, ಆದರೆ ಅದನ್ನು ಬಿಡಿಸಿ ಹೇಳದಿದ್ದರೆ ನೀವೂ ಅದನ್ನೇ ಮಾಡುವಿರಿ. ಇಯರ್‌ಬಡ್ಡಿನ ನುಣುಪಾದ ಹೊರಮೈಯ ಕೆಳಗೆ ಒಂದು ಸಣ್ಣ ಲೋಹದ ಹಾಳೆ ಇರುತ್ತದೆ. ಬೆರಳು ಹತ್ತಿರ ಬಂದಾಗ ಆ ಹಾಳೆಯ ಕೆಪ್ಯಾಸಿಟನ್ಸ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿ, ಅತಿ ಸ್ವಲ್ಪ ಹೆಚ್ಚುತ್ತದೆ. ಚಿಪ್ ಗಮನಿಸುವುದು ಈ ಏರಿಕೆಯನ್ನು ಮಾತ್ರ. ಏರಿಕೆ ಎನ್ನಬೇಕಾದರೆ ಮೊದಲು ‘ಏನೂ ಮುಟ್ಟಿಲ್ಲ’ ಎಂಬ ಒಂದು ತಳಮಟ್ಟ ಬೇಕು. ಅದನ್ನು ಚಿಪ್ ಸಾಮಾನ್ಯವಾಗಿ ಎಚ್ಚರವಾಗುವ ಹೊತ್ತಿನಲ್ಲಿ, ಎಂದರೆ ನೀವು ಕೇಸಿನಿಂದ ಎತ್ತುವ ಗಳಿಗೆಯಲ್ಲಿ, ಅಳೆದುಕೊಳ್ಳುತ್ತದೆ ಮತ್ತು ಆಮೇಲೆ ನಿಧಾನವಾಗಿ ತಿದ್ದಿಕೊಳ್ಳುತ್ತಿರುತ್ತದೆ. ಬೆವರು ಉಪ್ಪುನೀರಾದ್ದರಿಂದ ವಿದ್ಯುತ್ತನ್ನು ಹರಿಯಗೊಡುತ್ತದೆ. ಅದು ಆ ಮೈಮೇಲೆ ತೆಳುವಾಗಿ ಹರಡಿ ನಿಮ್ಮ ಚರ್ಮದವರೆಗೂ ತಲುಪಿದರೆ ಚಿಪ್ಪಿಗೆ ಅದೂ ಬೆರಳೇ. ಹನಿ ಜಾರಿಹೋದರೆ ಅದು ತಟ್ಟಿದ ಲೆಕ್ಕ, ಪದರವಾಗಿ ನಿಂತರೆ ಒತ್ತಿ ಹಿಡಿದ ಲೆಕ್ಕ. ಧ್ವನಿ ಸಹಾಯಕ ಏಕೆ ಏಳುತ್ತಿತ್ತೆಂಬುದು ನನಗೆ ಇದರಿಂದ ಅರ್ಥವಾಯಿತು.

ಈಗ ನಾನು ಮಾಡುತ್ತಿದ್ದುದನ್ನು ನೋಡಿ. ಒದ್ದೆಯಾದ ಬಡ್ಡನ್ನು ಒದ್ದೆಯಾಗಿಯೇ ಕೇಸಿಗೆ ಹಾಕಿ, ಬೆವರಿದ ಹೆಬ್ಬೆರಳನ್ನು ಸರಿಯಾಗಿ ಟಚ್ ಜಾಗದ ಮೇಲೇ ಇಟ್ಟು ಹೊರಗೆಳೆಯುತ್ತಿದ್ದೆ. ಚಿಪ್ ಎಚ್ಚರಗೊಂಡು ‘ಏನೂ ಮುಟ್ಟಿಲ್ಲ’ ಎಂದು ಬರೆದುಕೊಂಡದ್ದು ನನ್ನ ಹೆಬ್ಬೆರಳು ಮತ್ತು ಬೆವರು ಎರಡೂ ಸೇರಿದ ಮಟ್ಟವನ್ನು. ಆಮೇಲೆ ನಾನು ನಿಜವಾಗಿ ತಟ್ಟಿದಾಗ ಅದಕ್ಕೆ ಏರಿಕೆಯೇ ಕಾಣುತ್ತಿರಲಿಲ್ಲ. ಕೆಲವು ನಿಮಿಷಗಳಲ್ಲಿ ಅದು ತನ್ನ ಲೆಕ್ಕವನ್ನು ತಿದ್ದಿಕೊಳ್ಳುವಷ್ಟರಲ್ಲಿ ಬೆವರು ಮತ್ತೆ ಹರಿದು, ಮತ್ತೆ ಹಾಡು ಹಾರಿ, ನಾನು ಮತ್ತೆ ಅದೇ ಹೆಬ್ಬೆರಳಿನಿಂದ ಅದೇ ಪೂಜೆ ಮಾಡುತ್ತಿದ್ದೆ. ತಾನಾಗಿ ಕೆಲಸ ಮಾಡುವುದು ಮತ್ತು ತಟ್ಟಿದರೆ ಕೇಳದಿರುವುದು ಎರಡು ಬೇರೆ ರೋಗಗಳೆಂದು ನಾನು ತಿಳಿದಿದ್ದೆ. ಮೊದಲನೆಯದು ಬೆವರಿನದು, ಎರಡನೆಯದು ಅದಕ್ಕೆ ನಾನು ಮಾಡುತ್ತಿದ್ದ ಔಷಧದ್ದು.

ಬಡ್ ಹೋದದ್ದೂ ಈ ಔಷಧದಿಂದಲೇ. ಒದ್ದೆ ಬಡ್ಡನ್ನು ಕೇಸಿನಲ್ಲಿಟ್ಟರೆ ಚಾರ್ಜಿಂಗ್ ಪಿನ್‌ಗಳ ನಡುವೆ ಉಪ್ಪುನೀರು ನಿಂತು, ಅದರ ಮೂಲಕ ವಿದ್ಯುತ್ ಹರಿದು ಲೋಹವನ್ನು ತಿನ್ನುತ್ತದೆ. ಒಂದು ದಿನ ಬೆಳಕಿಗೆ ಹಿಡಿದು ನೋಡಿದಾಗ ಬಲಗಡೆಯ ಎರಡು ಚುಕ್ಕಿಗಳಲ್ಲಿ ಒಂದು ಹೊಳೆಯುತ್ತಿತ್ತು, ಇನ್ನೊಂದು ಕಪ್ಪಾಗಿ ಅಂಚಿನಲ್ಲಿ ಹಸಿರು ಕಟ್ಟಿತ್ತು. ಆ ಹೊತ್ತಿಗಾಗಲೇ ತಾನು ಕೇಸಿನಲ್ಲಿರುವುದು ಬಡ್ಡಿಗೆ ತಿಳಿಯುತ್ತಿರಲಿಲ್ಲ: ಮುಚ್ಚಿದ ಕೇಸಿನೊಳಗೂ ಫೋನಿಗೆ ಅಂಟಿಕೊಂಡೇ ಇದ್ದು, ನನಗೆ ಬಂದ ಕರೆಗಳ ಧ್ವನಿ ಅಲ್ಲಿಗೇ ಹೋಗುತ್ತಿತ್ತು. ಒಂದು ವಾರದಲ್ಲಿ ಅದು ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ಡಬ್ಬದ ಮೇಲೆ ನೀರಿನ ತಡೆಯ ಅಂಕವಾದ ಐಪಿಎಕ್ಸ್4 ಎಂದಿತ್ತಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಆ ಪರೀಕ್ಷೆ ಸಿಹಿನೀರಿನ ಸಿಂಚನಕ್ಕೆ ಸಂಬಂಧಿಸಿದ್ದು. ಎಕ್ಸ್ ಎಂದರೆ ಧೂಳಿನ ತಡೆಗೆ ಅಂಕ ಕೊಟ್ಟಿಲ್ಲವೆಂದು ಅರ್ಥ, ಮತ್ತು ಕೇಸಿಗೆ ಅನೇಕ ವೇಳೆ ಆ ಅಂಕವೂ ಇರುವುದಿಲ್ಲ.

ಹೀಗಾಗಿ ‘ಸರಿಯಾದ ರೀಸೆಟ್’ ಎಂಬ ನಿಮ್ಮ ಹುಡುಕಾಟವನ್ನೇ ನಾನು ಒಪ್ಪುವುದಿಲ್ಲ. ಗುಂಡಿ ಒತ್ತಿ ಹಿಡಿಯುವ ರೀಸೆಟ್ ಮುಖ್ಯವಾಗಿ ಜೋಡಣೆಯ ನೆನಪನ್ನು ಮತ್ತು ನೀವು ಮಾಡಿಕೊಂಡ ಹೊಂದಿಕೆಗಳನ್ನು ಅಳಿಸುತ್ತದೆ. ಮೈಮೇಲಿನ ಉಪ್ಪನ್ನು ಅದು ಅಳಿಸಲಾರದು. ಮೊದಲು ಉಪ್ಪನ್ನು ತೆಗೆಯಿರಿ. ಒಣಬಟ್ಟೆಯಿಂದ ಒರೆಸಿದರೆ ಉಪ್ಪು ಸವರಿಕೊಂಡು ಅಲ್ಲೇ ಉಳಿಯುತ್ತದೆ. ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡಾ ದಾಟಿದಾಗ ತಾನೇ ನೀರು ಹೀರಿ ಕರಗುವ ವಸ್ತುವಾದ್ದರಿಂದ, ಬೆವರದ ದಿನವೂ, ಬರೀ ತೇವದ ಹವೆಗೇ ಬಡ್ ಹುಚ್ಚಾಟವಾಡಬಹುದು. ನೂಲು ಬಿಡದ ಬಟ್ಟೆಯ ಒಂದು ಮೂಲೆಯನ್ನು ಸಾದಾ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಧ್ವನಿ ಬರುವ ಜಾಲರಿಯನ್ನು ಕೆಳಮುಖವಾಗಿ ಹಿಡಿದು ಹೊರಮೈಯನ್ನು ಮತ್ತು ಎರಡು ಪ್ಲಾಸ್ಟಿಕ್ ಭಾಗಗಳು ಕೂಡುವ ಗೆರೆಯನ್ನು ಒರೆಸಿ. ಆ ಗೆರೆಯಲ್ಲೇ ಕೊಳೆ ಕೂರುತ್ತದೆ. ಚಾರ್ಜಿಂಗ್ ಚುಕ್ಕಿಗಳಿಗೆ ಮಾತ್ರ ಹತ್ತಿಕಡ್ಡಿಯ ತುದಿಗೆ ಚೂರೇ ಚೂರು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು, ಸಿಂಪಡಿಸಬೇಡಿ. ಆಮೇಲೆ ಅರ್ಧ ಗಂಟೆ ಕೇಸಿನ ಹೊರಗೆ, ತೆರೆದ ಗಾಳಿಯಲ್ಲಿ ಬಿಡಿ.

ಒಣಗಿದ ಮೇಲೆ ಕೇಸಿನಲ್ಲಿಟ್ಟು ಮುಚ್ಚಿ, ಅರ್ಧ ನಿಮಿಷ ಬಿಟ್ಟು, ಒಣಗಿದ ಕೈಯಿಂದ ಅಂಚನ್ನೋ ದಂಡವನ್ನೋ ಹಿಡಿದು ಎತ್ತಿ. ಟಚ್ ಜಾಗವನ್ನು ಐದಾರು ಸೆಕೆಂಡು ಮುಟ್ಟಬೇಡಿ. ನಿಮಗೆ ಬೇಕಾದ ಸೆನ್ಸರ್ ರೀಸೆಟ್ ಇಷ್ಟೇ. ಈಗ ಪ್ರತಿ ಬಡ್ಡನ್ನು ಹತ್ತು ಸಲ ತಟ್ಟಿ ಎಣಿಸಿ. ಹತ್ತಕ್ಕೆ ಹತ್ತೂ ಕೇಳಿದರೆ ಅಪರಾಧಿ ಬೆವರು. ಒಣಗಿದಾಗಲೂ ಒಂದೇ ಬದಿ ನಾಲ್ಕೈದನ್ನು ನುಂಗಿದರೆ, ಆಗ ಒಂದೇ ಒಂದು ಸಲ ಪೂರ್ತಿ ರೀಸೆಟ್ ಮಾಡಿ ನೋಡಿ. ಆಗಲೂ ಬದಲಾಗದಿದ್ದರೆ ತೇವ ಒಳಗೆ ಇಳಿದಿದೆ ಎಂದು ನಾನು ಲೆಕ್ಕ ಹಾಕುತ್ತೇನೆ, ಅದಕ್ಕೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ನಿಮ್ಮದು ಹಾಡು ಬದಲಿಸುತ್ತದೆ ಎಂದಿರಿ, ಆದ್ದರಿಂದ ಇದೆಲ್ಲ ಹೊರಮೈಯ ಮಾತು. ಹಾಡು ಬದಲಾಗದೆ ಸುಮ್ಮನೆ ನಿಂತು ಮತ್ತೆ ಶುರುವಾಗುತ್ತಿದ್ದರೆ, ಬಡ್ ಕಿವಿಯಲ್ಲಿದೆಯೇ ಎಂದು ನೋಡುವ ಒಳಬದಿಯ ಸೆನ್ಸರಿಗೆ ಕಿವಿಯ ಗುಗ್ಗೆ ಮೆತ್ತಿರಬಹುದು. ಅನೇಕ ಮಾದರಿಗಳಲ್ಲಿ ಅದು ಸಣ್ಣ ಕಪ್ಪು ಕಿಟಕಿಯಂತೆ ಕಾಣುತ್ತದೆ, ಅದನ್ನೂ ಹೀಗೆಯೇ ಒರೆಸಬೇಕು.

ಈಗ ನನ್ನ ಬಳಿ ಇರುವುದು ಒತ್ತುವ ಗುಂಡಿಯ ಜೋಡಿ. ಬೆವರು ಸುರಿಸಿ ಓಡುವವರಿಗೆ ಟಚ್ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಆ್ಯಪ್‌ನಲ್ಲಿ ಟಚ್ಚನ್ನು ಆರಿಸುವ ಸೌಲಭ್ಯವಿದ್ದರೆ ಓಡುವಾಗ ಪೂರ್ತಿ ಆರಿಸಿ. ಇಲ್ಲದಿದ್ದರೆ ಒಂಟಿ ತಟ್ಟನ್ನೂ ಒತ್ತಿ ಹಿಡಿಯುವುದನ್ನೂ ತೆಗೆದುಹಾಕಿ ಮೂರು ತಟ್ಟನ್ನು ಮಾತ್ರ ಉಳಿಸಿಕೊಳ್ಳಿ, ಏಕೆಂದರೆ ಬೆವರಿನ ಹನಿ ಲಯಬದ್ಧವಾಗಿ ಮೂರು ಸಲ ತಟ್ಟುವುದು ಅಪರೂಪ. ಮತ್ತು ಓಟ ಮುಗಿದ ಕೂಡಲೇ ಅವನ್ನು ಕೇಸಿಗೆ ಹಾಕಬೇಡಿ. ನಾನು ಸ್ನಾನ ಮುಗಿಸಿ ಬರುವವರೆಗೆ ನನ್ನವು ಮೇಜಿನ ಮೇಲೆ, ಬಟ್ಟೆಯ ಮೇಲೆ ಹರಡಿಕೊಂಡು ಬಿದ್ದಿರುತ್ತವೆ.