ಸಂವಹನಕ್ಕೆ 3.8 ಅಂಕ ಬಂತು, ಇದನ್ನಿಟ್ಟುಕೊಂಡು ಏನು ಮಾಡಲಿ?

ಪ್ರಶ್ನೆ: ಒಂದು ಸಣ್ಣ ಟೀಮಿಗೆ ಲೀಡ್ ಆಗಿದ್ದೇನೆ. ನನ್ನ ಬಗ್ಗೆ ಮೇಲಿನವರು, ಸಹೋದ್ಯೋಗಿಗಳು, ಕೈಕೆಳಗಿನವರು ಹೀಗೆ 8 ಜನರಿಂದ 1ರಿಂದ 5ರವರೆಗೆ ಅಂಕ ಹಾಕಿಸಿದೆ. ‘ಸಂವಹನ’ಕ್ಕೆ ಸರಾಸರಿ 3.8 ಬಂತು. ಕಾಮೆಂಟ್ ಜಾಗದಲ್ಲಿ ‘ಚೆನ್ನಾಗಿದೆ’, ‘ಇನ್ನೂ ಸುಧಾರಿಸಬಹುದು’ ಎಂದಷ್ಟೇ ಇತ್ತು. ಏನನ್ನು ಸುಧಾರಿಸಬೇಕು ಎಂಬುದೇ ಗೊತ್ತಾಗಲಿಲ್ಲ. ಈ ಸಲ ಹೇಗೆ ಕೇಳಲಿ?

ಉತ್ತರ: ಮೊದಲು ಆ 3.8 ಎಲ್ಲಿಂದ ಬಂದಿರಬಹುದು ನೋಡಿ. 6 ಜನ 4 ಕೊಟ್ಟು ಇಬ್ಬರು 3 ಕೊಟ್ಟರೆ ಸರಾಸರಿ 3.75. ಮೇಲಿನ ಇಬ್ಬರು 5 ಕೊಟ್ಟು, ಸಹೋದ್ಯೋಗಿಗಳು 4, 4, 3 ಕೊಟ್ಟು, ಕಿರಿಯರು ಮೂವರೂ 3 ಕೊಟ್ಟರೂ ಅದೇ 3.75. ಮೊದಲನೆಯದರಲ್ಲಿ ದೊಡ್ಡ ತೊಂದರೆ ಏನೂ ಇಲ್ಲ. ಎರಡನೆಯದರಲ್ಲಿ ನೀವು ಮೇಲಕ್ಕೆ ಚೆನ್ನಾಗಿ ಮಾತಾಡುತ್ತೀರಿ, ಕೆಳಕ್ಕೆ ಮಾತು ಇಳಿಯುತ್ತಿಲ್ಲ. ಸರಾಸರಿ ತೆಗೆದ ಕೂಡಲೇ ಈ ಎರಡೂ ಒಂದೇ ಆಗಿಬಿಡುತ್ತವೆ.

ಅಂಕದಲ್ಲಿ ಇನ್ನೊಂದು ಕೊರತೆಯೂ ಇದೆ: ಅದು ನಿಮ್ಮ ಬಗ್ಗೆ ಹೇಳುವುದಕ್ಕಿಂತ ಅಂಕ ಹಾಕಿದವರ ಬಗ್ಗೆ ಹೆಚ್ಚು ಹೇಳುತ್ತದೆ. ಸಾವಿರಾರು ಮ್ಯಾನೇಜರುಗಳಿಗೆ ಬಂದ ಇಂಥ ಅಂಕಗಳನ್ನು ವಿಶ್ಲೇಷಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಂಕಗಳ ಏರುಪೇರಿನ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಕಾರಣ ಅಂಕ ಹಾಕುವವರ ಸ್ವಭಾವವೇ ಎಂದು ಕಂಡುಬಂತು. ಒಬ್ಬರ ಕೈ ಧಾರಾಳ, ಇನ್ನೊಬ್ಬರದು ಬಿಗಿ; ಒಬ್ಬರಿಗೆ ಸಂವಹನವೆಂದರೆ ಸಭೆಯಲ್ಲಿ ಮಾತಾಡುವುದು, ಇನ್ನೊಬ್ಬರಿಗೆ ಇಮೇಲಿಗೆ ಬೇಗ ಉತ್ತರಿಸುವುದು. ಹಾಗಾಗಿ ಈ ಸಲ ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ‘ನಾನು ಹೇಗಿದ್ದೇನೆ’ ಎಂಬುದಕ್ಕೆ ಉತ್ತರ ಹೇಳುವವರಿಗೆ ನ್ಯಾಯಾಧೀಶರ ಪಾತ್ರ ಬಂದುಬಿಡುತ್ತದೆ. ‘ಏನಾಯಿತು’ ಎಂಬುದಕ್ಕೆ ಸಾಕ್ಷಿಯಾದರೆ ಸಾಕು, ಅದು ಎಲ್ಲರಿಗೂ ಸಲೀಸು.

ಈ 5 ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ, ಮೂರೂ ಗುಂಪಿಗೆ ಇದೇ ಮಾತಿನಲ್ಲಿ ಕಳಿಸಿ:

1. ಕಳೆದ 3 ತಿಂಗಳಲ್ಲಿ ನಾನು ಮಾಡಿದ ಯಾವ ಒಂದು ಕೆಲಸದಿಂದ ನಿಮ್ಮ ಕೆಲಸ ಸುಲಭವಾಯಿತು? ಸಂದರ್ಭ ತಿಳಿಸಿ.
2. ಇದೇ ಅವಧಿಯಲ್ಲಿ ನನ್ನಿಂದಾಗಿ ನಿಮ್ಮ ಕೆಲಸ ಎಲ್ಲಿ ನಿಂತಿತು, ತಡವಾಯಿತು ಅಥವಾ ಎರಡು ಸಲ ಮಾಡಬೇಕಾಯಿತು?
3. ಯಾವ ನಿರ್ಧಾರಕ್ಕೆ ಮುಂಚೆ ನಾನು ನಿಮ್ಮನ್ನು ಕೇಳಬೇಕಿತ್ತು ಅಥವಾ ನಿಮಗೆ ಹೇಳಬೇಕಿತ್ತು?
4. ಮುಂದಿನ 3 ತಿಂಗಳಲ್ಲಿ ನಾನು ಒಂದೇ ಒಂದನ್ನು ಬದಲಿಸಬಹುದಾದರೆ, ಯಾವುದು ಬದಲಾದರೆ ನಿಮಗೆ ಹೆಚ್ಚು ಅನುಕೂಲ?
5. ನಾನು ಈಗ ಮಾಡುತ್ತಿರುವುದರಲ್ಲಿ ಯಾವುದನ್ನು ಬಿಡಬಾರದು?

ಎರಡನೇ ಪ್ರಶ್ನೆಯೇ ಇದರ ಜೀವಾಳ, ಹಾಳಾಗುವುದೂ ಅದೇ. ‘ನನ್ನಿಂದ ಏನಾದರೂ ತೊಂದರೆ ಆಗಿದೆಯೇ’ ಎಂದು ಬರೆದರೆ ಹತ್ತರಲ್ಲಿ ಒಂಬತ್ತು ಜನ ‘ಹಾಗೇನಿಲ್ಲ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ‘ಎಲ್ಲಿ ನಿಂತಿತು’ ಎಂದರೆ ಎಲ್ಲೋ ನಿಂತಿದೆ ಎಂಬುದನ್ನು ನೀವೇ ಒಪ್ಪಿಕೊಂಡಂತೆ. ಹೇಳುವವರ ಮೇಲಿನ ಭಾರ ಇಳಿಯುತ್ತದೆ. ನಿಲ್ಲುವುದು, ತಡವಾಗುವುದು, ಎರಡು ಸಲ ಮಾಡುವುದು ಎಂದು ಮೂರನ್ನೂ ಬಿಡಿಸಿ ಹೇಳಿರುವುದು ನೆನಪು ಕೆದಕಲು. ಬರೀ ‘ತೊಂದರೆ’ ಎಂದರೆ ಮನಸ್ಸಿಗೆ ಬರುವುದು ಜಗಳ ಮಾತ್ರ. ಮೂರು ದಿನ ಕಾದ ಒಂದು ಒಪ್ಪಿಗೆ ಯಾರಿಗೂ ನೆನಪಾಗುವುದಿಲ್ಲ. 3 ತಿಂಗಳು ಎಂಬ ಮಿತಿಯೂ ಅದಕ್ಕೇ. ಒಂದು ವರ್ಷದ್ದು ಕೇಳಿದರೂ ಜನ ಬರೆಯುವುದು ಕಳೆದ ಮೂರು ವಾರದ್ದೇ.

ಮೂರನೆಯದು ಒಂದೇ ಸಂಗತಿಯನ್ನು ಮೂರು ದಿಕ್ಕಿನಿಂದ ತೋರಿಸುತ್ತದೆ. ಮೇಲಿನವರು ‘ನನಗೆ ಕೊನೆಗೆ ಗೊತ್ತಾಯಿತು’ ಎನ್ನಬಹುದು, ಕಿರಿಯರು ‘ನಮ್ಮನ್ನು ಕೇಳದೆ ದಿನಾಂಕ ಒಪ್ಪಿಕೊಂಡಿರಿ’ ಎನ್ನಬಹುದು. ಐದನೆಯದನ್ನು ಬರೀ ಉಪಚಾರ ಎಂದು ತೆಗೆದುಹಾಕಬೇಡಿ. ನಾಲ್ಕನೆಯದಕ್ಕೆ ಬಂದ ಉತ್ತರ ಹಿಡಿದು ಹೊರಟವರು ಎಷ್ಟೋ ಸಲ ಇನ್ನೊಬ್ಬರಿಗೆ ಆಧಾರವಾಗಿದ್ದುದನ್ನೇ ಕಿತ್ತುಹಾಕಿಬಿಡುತ್ತಾರೆ. ವಾರದ ಮೀಟಿಂಗ್ ಉದ್ದವಾಯಿತೆಂದು ಒಬ್ಬರು ಗೊಣಗಿದರೆ, ಕೆಲಸ ಕೇಳಿ ಪಡೆಯಲು ಹೊಸಬರಿಗೆ ಇರುವುದು ಅದೊಂದೇ ಜಾಗವಾಗಿರಬಹುದು.

ಇನ್ನು ಯಾರನ್ನು ಕೇಳಬೇಕು ಎಂಬುದು. ಮೇಲಿನವರು 2, ಸಹೋದ್ಯೋಗಿಗಳು 3ರಿಂದ 4, ಕಿರಿಯರು 3ರಿಂದ 4 ಇದ್ದರೆ ಸಾಕು. ಹತ್ತು ಮೀರಿದರೆ ಓದಿ ಮುಗಿಸುವುದೇ ಕಷ್ಟ. ನಿಮಗೆ ಹಿಡಿಸುವವರನ್ನೇ ಆರಿಸಿದರೆ ಐದೂ ಪ್ರಶ್ನೆ ವ್ಯರ್ಥ. ಸಹೋದ್ಯೋಗಿಗಳಲ್ಲಿ ಒಬ್ಬರಾದರೂ ಈ 3 ತಿಂಗಳಲ್ಲಿ ನಿಮ್ಮೊಂದಿಗೆ ಒಮ್ಮತಕ್ಕೆ ಬಾರದವರಿರಲಿ. ಕಿರಿಯರಲ್ಲಿ ಆರಿಸಲೇಬೇಡಿ, ನೇರವಾಗಿ ನಿಮಗೆ ವರದಿ ಮಾಡುವವರು ನಾಲ್ಕೇ ಜನವಿದ್ದರೆ ನಾಲ್ವರಿಗೂ ಕಳಿಸಿ. ಬಿಟ್ಟುಹೋದವರು ‘ನನ್ನನ್ನು ಯಾಕೆ ಕೇಳಲಿಲ್ಲ’ ಎಂದು ಲೆಕ್ಕ ಹಾಕುತ್ತಾ ಕೂರುತ್ತಾರೆ.

ಮೇಲಿನವರು ಮತ್ತು ಸಹೋದ್ಯೋಗಿಗಳು ಹೆಸರು ಹಾಕಿಯೇ ಬರೆಯಲಿ, ಸಂಶಯ ಬಂದರೆ ಕೇಳಲು ಅನುಕೂಲ. ಕಿರಿಯರ ವಿಷಯ ಬೇರೆ. ಅವರ ರಜೆ, ಬಡ್ತಿ, ಮುಂದಿನ ಪ್ರಾಜೆಕ್ಟ್ ಎಲ್ಲ ನಿಮ್ಮ ಕೈಯಲ್ಲಿದೆ. ಹೆಸರು ಗೊತ್ತಾಗುತ್ತದೆ ಎಂದರೆ ಸಿಹಿಮಾತೇ ಬರುತ್ತದೆ. ಅವರ ಉತ್ತರ ನಿಮಗೆ ನೇರವಾಗಿ ಬರದೆ, ನಿಮಗೂ ಅವರಿಗೂ ಬಾಸ್ ಅಲ್ಲದ ಒಬ್ಬರ ಬಳಿ ಸೇರಲಿ. ಇನ್ನೊಂದು ಟೀಮಿನ ಲೀಡ್ ಆಗಬಹುದು, ಎಚ್‌ಆರ್ ಆಗಬಹುದು. ಅವರು ಮಾಡಬೇಕಾದದ್ದು ಇಷ್ಟು: ಉತ್ತರಗಳನ್ನು ತಮ್ಮ ಮಾತಿನಲ್ಲಿ ಮತ್ತೆ ಬರೆಯುವುದು, ಬರೆದವರನ್ನು ಬಿಟ್ಟುಕೊಡುವ ದಿನಾಂಕ, ಗ್ರಾಹಕರ ಹೆಸರು ತೆಗೆಯುವುದು, ಪ್ರಶ್ನೆವಾರು ಕಲಸಿ ಕೊಡುವುದು. ಸಣ್ಣ ಟೀಮಿನಲ್ಲಿ ಹೆಸರು ಮುಚ್ಚಿದರಷ್ಟೇ ಸಾಲದು. ಒಬ್ಬೊಬ್ಬರ ವಾಕ್ಯದ ಧಾಟಿ, ಅವರು ಸದಾ ಬಳಸುವ ಒಂದು ಪದ ಸಾಕು ಗುರುತು ಹಿಡಿಯಲು. ಮೂರಕ್ಕಿಂತ ಕಡಿಮೆ ಕಿರಿಯರು ಉತ್ತರಿಸಿದರೆ ಅದನ್ನು ಬೇರೆ ಗುಂಪಾಗಿ ತೋರಿಸದೆ ಸಹೋದ್ಯೋಗಿಗಳ ಉತ್ತರದೊಳಗೆ ಸೇರಿಸಬೇಕು. ಈ ನಿಯಮವನ್ನು ಕೇಳುವ ಮೊದಲೇ ಎಲ್ಲರಿಗೂ ತಿಳಿಸಿ.

ಅಪ್ರೈಸಲ್‌ಗೆ ಕನಿಷ್ಠ ಒಂದೂವರೆ ತಿಂಗಳು ದೂರವಿರುವ ಸಮಯ ನೋಡಿ, ಇಲ್ಲವಾದರೆ ಬರೆಯುವವರು ನಿಮ್ಮ ಸಂಬಳದ ಮೇಲೆ ಕಣ್ಣಿಟ್ಟೇ ಬರೆಯುತ್ತಾರೆ. ಉತ್ತರಕ್ಕೆ 8 ದಿನ ಕೊಡಿ, ಐದನೇ ದಿನ ಒಂದೇ ಒಂದು ಜ್ಞಾಪನೆ. ‘15 ನಿಮಿಷದ ಕೆಲಸ, ಪ್ರತಿ ಪ್ರಶ್ನೆಗೆ ಎರಡು ಮೂರು ಸಾಲು ಸಾಕು, ಗೊತ್ತಿಲ್ಲದ್ದನ್ನು ಖಾಲಿ ಬಿಡಿ’ ಎಂದು ಬರೆದು ಕಳಿಸಿ.

ಉತ್ತರ ಬಂದ ಮೇಲೆ ಓದುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಅತಿ ಚುಚ್ಚಿದ ವಾಕ್ಯವೊಂದನ್ನು ಹಿಡಿದು ವಾರವಿಡೀ ಅದನ್ನೇ ಮೆಲುಕು ಹಾಕುವುದು ಒಂದು ಕಡೆ, ಹೊಗಳಿಕೆ ಎಣಿಸಿ ಸಮಾಧಾನಪಡುವುದು ಇನ್ನೊಂದು ಕಡೆ. ಅದರ ಬದಲು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಮೇಲಿನವರು, ಸಹೋದ್ಯೋಗಿಗಳು, ಕಿರಿಯರು. ವಿಶೇಷಣಗಳನ್ನು ಬಿಟ್ಟು ನಡೆದ ಘಟನೆಯನ್ನಷ್ಟೇ ಒಂದೊಂದು ಸಾಲಿನಲ್ಲಿ ಇಳಿಸಿ.

ನಿಮ್ಮಂಥ ಒಬ್ಬ ಲೀಡ್‌ನ ಹಾಳೆ ಹೀಗಿರಬಹುದು ಎಂದುಕೊಳ್ಳೋಣ. ಮೇಲಿನವರ ಕಾಲಂನಲ್ಲಿ: ‘ಕೆಲಸ ತಡವಾಗುವುದನ್ನು ಎರಡು ವಾರ ಮುಂಚೆಯೇ ತಿಳಿಸಿದರು’, ‘ಆದ್ಯತೆ ಬದಲಿಸಿ ಎಂದಾಗ ಅಲ್ಲೇ ಒಪ್ಪಿಕೊಂಡರು’. ಸಹೋದ್ಯೋಗಿಗಳದ್ದು: ‘ಮೀಟಿಂಗ್‌ನಲ್ಲಿ ಒಪ್ಪಿದ್ದು ಬರಹದಲ್ಲಿ ಇರಲಿಲ್ಲ, ಹಳೆಯ ಪಟ್ಟಿಯ ಪ್ರಕಾರ ಮಾಡಿ ಮತ್ತೆ ಮಾಡಿದೆವು’, ‘ಕೇಳಿದಾಗ ತಕ್ಷಣ ಉತ್ತರ ಸಿಗುತ್ತದೆ’. ಕಿರಿಯರದ್ದು: ‘ಎರಡು ದಿನ ಮಾಡಿದ ಕೆಲಸ ಬೇಡ ಎಂದು ಆಮೇಲೆ ಗೊತ್ತಾಯಿತು’, ‘ಯಾವುದು ಮೊದಲು ಎಂದು ಪ್ರತಿ ಬಾರಿ ನಾವೇ ಹೋಗಿ ಕೇಳಬೇಕು’, ‘ಕೇಳಿದರೆ ಬೇಸರಪಡದೆ ವಿವರಿಸುತ್ತಾರೆ’.

ಬಿಡಿಬಿಡಿಯಾಗಿ ಓದಿದರೆ ಹೊಗಳಿಕೆಯೂ ದೂರೂ ಬೆರೆತ ಸಾಮಾನ್ಯ ಚಿತ್ರ. ಕಾಲಂಗಳನ್ನು ಅಡ್ಡಲಾಗಿ ಓದಿ. ಮೇಲಿನವರು ಮೆಚ್ಚಿದ ‘ಅಲ್ಲೇ ಒಪ್ಪಿಕೊಂಡರು’ ಎಂಬುದೇ ಸಹೋದ್ಯೋಗಿಗಳಲ್ಲಿ ‘ಮತ್ತೆ ಮಾಡಿದೆವು’ ಆಗಿದೆ, ಕಿರಿಯರಲ್ಲಿ ‘ಆಮೇಲೆ ಗೊತ್ತಾಯಿತು’ ಆಗಿದೆ. ಒಂದೇ ಅಭ್ಯಾಸದ ಮೂರು ಮುಖ. ಇವರು ಮಾತಾಡುವುದರಲ್ಲಿ ಹಿಂದಿಲ್ಲ, ಕೇಳಿದವರಿಗೆಲ್ಲ ಉತ್ತರ ಕೊಡುತ್ತಾರೆ. ಕೊರತೆ ಇರುವುದು ಕೇಳದವರಿಗೆ ತಲುಪಿಸುವುದರಲ್ಲಿ, ಅದೂ ನಿರ್ಧಾರ ಬದಲಾದ ದಿನ. ಸಂವಹನದ ತರಬೇತಿಗೆ ಕಳಿಸಿದ್ದರೆ ಇವರು ಸಭೆಯಲ್ಲಿ ಮಾತಾಡುವುದನ್ನು ಕಲಿತು ಬರುತ್ತಿದ್ದರೇನೋ, ಅದು ಅವರಿಗೆ ಮೊದಲೇ ಬರುತ್ತಿತ್ತು.

ತೂಗುವ ನಿಯಮ ಸರಳ. ಎರಡು ಗುಂಪಿನಿಂದ ಒಂದೇ ಸಂಗತಿ ಬಂದರೆ ಅದು ಅಭ್ಯಾಸ, ಅದರ ಮೇಲೆ ಕೆಲಸ ಮಾಡಿ. ಒಂದೇ ಗುಂಪಿನ ಇಬ್ಬರು ಮೂವರು ಹೇಳಿದರೆ ಆ ಗುಂಪಿನೊಂದಿಗಿನ ವ್ಯವಹಾರದ ಸಮಸ್ಯೆ. ಕಡಿಮೆ ಜನ ಹೇಳಿದ್ದಾರೆಂದು ತಳ್ಳಬೇಡಿ, ಕಿರಿಯರಿಗೆ ಕಾಣುವುದು ಮೇಲಿನವರಿಗೆ ಕಾಣುವುದೇ ಇಲ್ಲ. ಒಬ್ಬರೇ ಹೇಳಿದ್ದನ್ನು ಬರೆದಿಟ್ಟು ಮುಂದಿನ ಸಲ ನೋಡಿ. ಎರಡು ಗುಂಪು ತದ್ವಿರುದ್ಧ ಹೇಳಿದರೆ ನಡುವಿನ ದಾರಿ ಹುಡುಕಬೇಡಿ. ‘ಹೆಚ್ಚು ಕೇಳುತ್ತಾರೆ’, ‘ಏನೂ ಕೇಳುವುದಿಲ್ಲ’ ಎರಡೂ ನಿಜವಿರಬಹುದು, ಬೇರೆ ಬೇರೆ ಜನರ ಜೊತೆ.

ಬದಲಾವಣೆ ಒಂದೇ ಇರಲಿ, ಹೊರಗಿನವರ ಕಣ್ಣಿಗೆ ಕಾಣುವಂಥದ್ದಿರಲಿ. ಮೇಲಿನ ಹಾಳೆಗೆ ತಕ್ಕದ್ದು: ಆದ್ಯತೆ ಬದಲಾದ ದಿನ ಸಂಜೆಯೊಳಗೆ ಏನು ಬದಲಾಯಿತು, ಯಾವ ಕೆಲಸ ನಿಲ್ಲಿಸಬೇಕು, ಯಾರಿಗೆ ಅನ್ವಯಿಸುತ್ತದೆ ಎಂಬ ಮೂರು ಸಾಲು ಟೀಮಿಗೂ ಸಂಬಂಧಪಟ್ಟ ಸಹೋದ್ಯೋಗಿಗಳಿಗೂ ಹೋಗುತ್ತದೆ. ‘ಸಂವಹನ ಸುಧಾರಿಸುತ್ತೇನೆ’ ಎಂದರೆ ಆಯಿತೋ ಇಲ್ಲವೋ ಯಾರೂ ಹೇಳಲಾರರು. ಮೂರು ಸಾಲು ಬಂತೇ ಇಲ್ಲವೇ ಎಂಬುದನ್ನು ಯಾರು ಬೇಕಾದರೂ ಹೇಳಬಹುದು.

ಉತ್ತರಿಸಿದವರಿಗೆ ಎರಡು ವಾರದೊಳಗೆ ತಿರುಗಿ ಹೇಳಿ: ಏನು ಕೇಳಿಸಿತು, ಏನು ಬದಲಿಸುತ್ತೇನೆ, ಯಾವುದನ್ನು ಸದ್ಯಕ್ಕೆ ಬದಲಿಸಲಾಗದು ಮತ್ತು ಯಾಕೆ. ಸಮರ್ಥನೆ ಬೇಡ. ‘ಇದನ್ನು ಬರೆದದ್ದು ನೀವೇನಾ’ ಎಂದು ತಮಾಷೆಗೂ ಕೇಳಬೇಡಿ. ಒಮ್ಮೆ ಕೇಳಿದರೆ ಮುಂದಿನ ಸಲ ಎರಡನೇ ಪ್ರಶ್ನೆಗೆ ‘ಏನೂ ಇಲ್ಲ’ ಎಂಬ ಉತ್ತರವೇ ಗತಿ. ಆರರಿಂದ ಎಂಟು ವಾರ ಬಿಟ್ಟು ಐದನ್ನೂ ಮತ್ತೆ ಕೇಳಬೇಕಿಲ್ಲ. ಕಿರಿಯರಿಗೆ ಅದೇ ಮಧ್ಯವರ್ತಿಯ ಮೂಲಕ, ಉಳಿದವರಿಗೆ ನೇರವಾಗಿ ಒಂದೇ ಪ್ರಶ್ನೆ: ‘ಕಳೆದ ತಿಂಗಳಲ್ಲಿ ಬದಲಾವಣೆ ನಿಮಗೆ ತಡವಾಗಿ ಗೊತ್ತಾದದ್ದು ಎಷ್ಟು ಸಲ?’ ಇಲ್ಲಿ ಸಂಖ್ಯೆ ಕೇಳಬಹುದು, ಎಣಿಸುವ ವಸ್ತು ಏನೆಂದು ಈಗ ಎಲ್ಲರಿಗೂ ಗೊತ್ತು.

ಇಬ್ಬರು ಲೀಡ್‌ಗಳನ್ನು ಹೋಲಿಸಲು, ಬಡ್ತಿ ನಿರ್ಧರಿಸಲು ಈ ಹಾಳೆ ಬಳಸಬೇಡಿ; ಬಳಸುತ್ತಾರೆಂಬ ಸುದ್ದಿ ಹಬ್ಬಿದರೆ ಸಾಕು, ಪ್ರಾಮಾಣಿಕ ಉತ್ತರ ನಿಲ್ಲುತ್ತದೆ. ಕಿರುಕುಳ, ಅವಮಾನದಂಥ ದೂರು ಉತ್ತರದ ನಡುವೆ ಬಂದರೆ ಅದನ್ನು ಫೀಡ್‌ಬ್ಯಾಕ್ ಎಂದು ಕಾಲಂಗೆ ಹಾಕದೆ, ಅಂಥ ದೂರಿಗೆಂದೇ ಇರುವ ವ್ಯವಸ್ಥೆಗೆ ಸಂಗ್ರಹಿಸಿದವರೇ ಒಯ್ಯಬೇಕು. ಹಾಗೆ ಮಾಡುತ್ತೇವೆ ಎಂಬುದನ್ನೂ ಪ್ರಶ್ನೆ ಕಳಿಸುವಾಗಲೇ ಒಂದು ಸಾಲಿನಲ್ಲಿ ಬರೆದಿಡಿ.