ಬಣ್ಣ ಬೆರೆಸುವ ಪಾಠಕ್ಕೆ ಒಂದು ವೀಳ್ಯದೆಲೆ ಸಾಕು

ಪ್ರಶ್ನೆ: ಏಳನೇ ತರಗತಿಗೆ ಬಣ್ಣ ಬೆರೆಸುವ ಪಾಠ ಮಾಡಬೇಕಾಗಿದೆ. ಮೊದಲು ಬಣ್ಣದ ಚಕ್ರ ಬರೆಸಲೇ ಅಥವಾ ನೇರವಾಗಿ ಚಿತ್ರಕ್ಕೆ ಇಳಿಯಲೇ? ಕೊನೆಯಲ್ಲಿ ಮಕ್ಕಳು ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ನಾಲ್ಕು ಮಾತು ಹೇಳಬೇಕು, ಆದರೆ ಯಾರ ಮನಸ್ಸೂ ನೋಯಬಾರದು. ಹೇಗೆ?

ಎರಡೂ ಬೇಡ ಎನ್ನುವವನು ನಾನು. ಕುಂಬಳೆಯ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಚಿತ್ರಕಲೆಯ ಅಧ್ಯಾಪಕನಾಗಿ ಸೇರಿದಾಗ ನಾನೂ ಚಕ್ರದಿಂದಲೇ ಆರಂಭಿಸಿದ್ದೆ. ಕೆಂಪು, ಹಳದಿ, ನೀಲಿ ಮೂರು ಪೋಸ್ಟರ್ ಕಲರ್ ಬಾಟಲಿಗಳನ್ನು ಅಂಗಡಿಯಲ್ಲಿ ಸಿಕ್ಕಂತೆ ತಂದು, ಕೆಂಪಿಗೆ ನೀಲಿ ಸೇರಿಸಿದರೆ ನೇರಳೆ ಬರುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು, ಬೆರೆಸಲು ಹೇಳಿದೆ. ಇಡೀ ತರಗತಿಯಲ್ಲಿ ಒಬ್ಬರಿಗೂ ನೇರಳೆ ಬರಲಿಲ್ಲ. ಎಲ್ಲರ ತಟ್ಟೆಯಲ್ಲೂ ಬಂದದ್ದು ಕೆಸರಿನಂಥ ಕಂದು. ಕುಂಚ ಸರಿಯಾಗಿ ತೊಳೆದಿಲ್ಲವೆಂದು ನಾನು ಮಕ್ಕಳನ್ನೇ ಗದರಿಸಿ, ಮತ್ತೆ ಬೆರೆಸಲು ಹೇಳಿ, ಮತ್ತೂ ಅದೇ ಕಂದು ಬಂದಾಗ ಪೀರಿಯಡ್ಡೂ ಮುಗಿದಿತ್ತು, ಬಣ್ಣವೂ ಮುಗಿದಿತ್ತು.

ತಪ್ಪು ಇದ್ದದ್ದು ನಾನು ತಂದ ಬಾಟಲಿಗಳಲ್ಲಿ. ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಗೊತ್ತಿಲ್ಲದೆ ಪಾಠಕ್ಕೆ ಇಳಿದರೆ ನಿಮಗೂ ಅದೇ ಗತಿ. ನಾನು ತಂದ ಕೆಂಪು ಸ್ಕಾರ್ಲೆಟ್, ನೀಲಿ ಪ್ರಷ್ಯನ್ ಬ್ಲೂ. ಸ್ಕಾರ್ಲೆಟ್ ಕಿತ್ತಳೆಯ ಕಡೆಗೆ ವಾಲಿದ ಕೆಂಪು. ಪ್ರಷ್ಯನ್ ಬ್ಲೂ ಹಸಿರಿನ ಕಡೆಗೆ ವಾಲಿದ ನೀಲಿ. ಬಣ್ಣದ ಪುಡಿಯೊಂದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ನುಂಗಿ, ಉಳಿದದ್ದನ್ನು ಮಾತ್ರ ನಮ್ಮ ಕಣ್ಣಿಗೆ ಕಳುಹಿಸುತ್ತದೆ. ಸ್ಕಾರ್ಲೆಟ್ ನೀಲಿ ಮತ್ತು ನೇರಳೆ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನುಂಗುತ್ತದೆ, ಪ್ರಷ್ಯನ್ ಬ್ಲೂ ಕೆಂಪು ಬೆಳಕನ್ನು ನುಂಗುತ್ತದೆ. ಎರಡನ್ನೂ ಕೂಡಿಸಿದರೆ ನೇರಳೆಯಾಗಿ ಕಾಣಲು ಬೇಕಾದ ಬೆಳಕೇ ಉಳಿಯುವುದಿಲ್ಲ. ನೇರಳೆ ಬೇಕಿದ್ದರೆ ಗುಲಾಬಿಯ ಕಡೆಗೆ ವಾಲಿದ ಕ್ರಿಮ್ಸನ್ ಕೆಂಪನ್ನೂ ನೇರಳೆಯ ಕಡೆಗೆ ವಾಲಿದ ಅಲ್ಟ್ರಾಮರೀನ್ ನೀಲಿಯನ್ನೂ ತರಬೇಕಾಗಿತ್ತು. ಅಂಗಡಿಯವರು ಎರಡು ಕೆಂಪನ್ನೂ ಕೆಂಪೆಂದೇ ಕೊಡುತ್ತಾರೆ; ಬಾಟಲಿಯ ಮೇಲಿನ ಹೆಸರನ್ನು ನಾವೇ ಓದಬೇಕು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಮೊದಲ ಪಾಠ ಚಕ್ರವಾಗಬಾರದು, ಏಕೆಂದರೆ ಉತ್ತರ ಮೊದಲೇ ಬರೆದಿರುವ ಚಕ್ರದಲ್ಲಿ ಮಕ್ಕಳು ಮನೆಗಳನ್ನು ತುಂಬಿಸುತ್ತಾರೆಯೇ ಹೊರತು ನೋಡುವುದಿಲ್ಲ. ಚಿತ್ರವೂ ಆಗಬಾರದು, ಏಕೆಂದರೆ ಚಿತ್ರ ಎಂದೊಡನೆ ಮನೆ, ಗುಡ್ಡ, ಸೂರ್ಯ ಬರೆಯುವುದರಲ್ಲೇ ಹೊತ್ತು ಹೋಗಿ, ಬಣ್ಣ ಬಾಟಲಿಯಿಂದ ನೇರವಾಗಿ ಕಾಗದಕ್ಕೆ ಹೋಗುತ್ತದೆ. ಬದಲಾಗಿ ಪ್ರತಿ ಮಗುವಿನ ಕೈಗೆ ಒಂದು ವೀಳ್ಯದೆಲೆ ಕೊಟ್ಟು, ಅದರ ಮೇಲ್ಬದಿಯ ಹಸಿರನ್ನೇ ತಯಾರಿಸಲು ಹೇಳಿ. ಲೆಮನ್ ಯೆಲ್ಲೋ, ಪ್ರಷ್ಯನ್ ಬ್ಲೂ, ಸ್ಕಾರ್ಲೆಟ್ ಇಷ್ಟೇ ಸಾಕು. ನನ್ನನ್ನು ನೇರಳೆಯಲ್ಲಿ ಸೋಲಿಸಿದ ಜೋಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆರೆಸಲು ಬಿಳಿ ಟೈಲ್ಸಿನ ತುಂಡು ಒಳ್ಳೆಯದು. ನಮ್ಮಲ್ಲಿ ಧಾರಾಳವಾಗಿ ಸಿಗುವ ಅಡಿಕೆಯ ಹಾಳೆತಟ್ಟೆಯನ್ನು ಬಳಸಿ ನೋಡಿದ್ದೇನೆ. ಅದು ನೀರನ್ನು ಹೀರುತ್ತದೆ, ಅದರ ಕಂದು ಬಣ್ಣ ಕಣ್ಣಿಗೆ ಮೋಸವನ್ನೂ ಮಾಡುತ್ತದೆ.

ಕಡಲೆ ಗಾತ್ರದ ಹಳದಿಯನ್ನು ಟೈಲ್ಸಿನ ಮೇಲಿಟ್ಟು, ಕುಂಚದ ತುದಿಗೆ ಅಂಟಿದಷ್ಟೇ ನೀಲಿಯನ್ನು ಅದಕ್ಕೆ ಸೇರಿಸಬೇಕು. ಈ ಕ್ರಮ ತಿರುಗಬಾರದು: ಪ್ರಷ್ಯನ್ ಬ್ಲೂ ಬಹಳ ಬಲವಾದ ಬಣ್ಣವಾದ್ದರಿಂದ ನೀಲಿಗೆ ಹಳದಿ ಸೇರಿಸುತ್ತ ಹೋದರೆ ಅರ್ಧ ಬಾಟಲಿ ಹಳದಿ ಖರ್ಚಾದರೂ ಹಸಿರು ತಿಳಿಯಾಗುವುದಿಲ್ಲ. ಮೊದಲು ಬರುವುದು ಗಿಳಿ ಹಸಿರು. ಅದನ್ನು ಎರಡು ಬೆರಳಗಲದ ಡ್ರಾಯಿಂಗ್ ಕಾಗದದ ಪಟ್ಟಿಯ ಮೇಲೆ ಒಂದು ಚೌಕವಾಗಿ ಬಳಿದು, ಕೆಳಗೆ ಏನೇನು ಹಾಕಿದೆ ಎಂದು ಪೆನ್ಸಿಲಿನಲ್ಲಿ ಬರೆಯಲಿ. ಇನ್ನಷ್ಟು ನೀಲಿ ಹಾಕಿದರೆ ಬಣ್ಣ ಗಾಢವಾಗುತ್ತದೆ, ಆದರೂ ಎಲೆಯಂತೆ ಕಾಣದೆ ಪ್ಲಾಸ್ಟಿಕ್ ಬಿಂದಿಗೆಯಂತೆ ಕಣ್ಣಿಗೆ ಚುಚ್ಚುತ್ತದೆ. ಈ ಹಂತದಲ್ಲಿ ಮಕ್ಕಳು ಕಪ್ಪು ಕೇಳುತ್ತಾರೆ. ಕೊಡಬೇಡಿ. ಸಾಸಿವೆಯಷ್ಟು ಸ್ಕಾರ್ಲೆಟ್ ಸೇರಿಸಲು ಹೇಳಿ. ಕೆಂಪು ಹಸಿರಿಗೆ ಎದುರು ಬಣ್ಣ, ಹಸಿರಿನ ಹೊಳಪನ್ನು ಅದು ಅಡಗಿಸುತ್ತದೆ. ಆಗ ಟೈಲ್ಸಿನ ಮೇಲೆ ಒಮ್ಮೆಲೇ ಎಲೆಯ ಬಣ್ಣ ಮೂಡುವುದನ್ನು ಮಕ್ಕಳೇ ಕಾಣುತ್ತಾರೆ. ಕೆಂಪು ಹೆಚ್ಚಾಗಿ ಕಂದುಬಣ್ಣಕ್ಕೆ ತಿರುಗಿದರೆ ಅದನ್ನು ಉಳಿಸಲು ಹೋಗದೆ, ಆ ಚೌಕವನ್ನೂ ಪಟ್ಟಿಯ ಮೇಲೆ ಬಳಿದಿಟ್ಟು, ಹೊಸ ಹಳದಿಯಿಂದ ಮೊದಲುಮಾಡಲಿ.

ಇನ್ನು ನಿಮ್ಮ ಎರಡನೆಯ ಮಾತಿಗೆ ಬರುತ್ತೇನೆ. ಮನಸ್ಸು ನೋಯಬಾರದೆಂದು ಎಲ್ಲರಿಂದ ‘ಚೆಂದ ಉಂಟು’ ಎನ್ನಿಸುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಕೇಳಿದ ಮಗುವಿಗೆ ಮುಂದೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಚೆಂದ, ಚೆಂದವಿಲ್ಲ ಎರಡು ಮಾತನ್ನೂ ಆ ಹತ್ತು ನಿಮಿಷ ಬದಿಗಿಡಿ. ಚೌಕಗಳು ಒಣಗಿದ ಮೇಲೆ ಕಚೇರಿಯ ಪಂಚಿಂಗ್ ಯಂತ್ರದಿಂದ ಪ್ರತಿಯೊಂದರಲ್ಲಿಯೂ ಒಂದು ತೂತು ಹೊಡೆಯಿರಿ. ಪಟ್ಟಿಯನ್ನು ಎಲೆಯ ಮೇಲಿಟ್ಟರೆ ತೂತಿನೊಳಗೆ ಎಲೆಯೂ ಸುತ್ತ ಮಗುವಿನ ಬಣ್ಣವೂ ಒಟ್ಟಿಗೆ ಕಾಣುತ್ತವೆ. ಬಣ್ಣ ಹತ್ತಿರ ಬಂದಷ್ಟೂ ತೂತು ಮರೆಯಾಗುತ್ತದೆ. ಪೂರ್ತಿ ಮರೆಯಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ, ಏಕೆಂದರೆ ಎಲೆಗೆ ಮಿನುಗು ಇದೆ, ಪೋಸ್ಟರ್ ಕಲರಿಗೆ ಇಲ್ಲ. ಹಸಿಯಾಗಿರುವಾಗ ಹೋಲಿಸಿದರೂ ಲೆಕ್ಕ ತಪ್ಪುತ್ತದೆ, ಈ ಗಾಢ ಹಸಿರು ಒಣಗಿದಾಗ ಸ್ವಲ್ಪ ತಿಳಿಯಾಗುತ್ತದೆ. ಜೂನ್, ಜುಲೈಯ ನಮ್ಮ ಮಳೆಯಲ್ಲಿ ಬೇಗ ಒಣಗುವುದೂ ಇಲ್ಲ, ಆದ್ದರಿಂದ ಆ ತಿಂಗಳುಗಳಲ್ಲಿ ಎರಡು ಪೀರಿಯಡ್ ಒಟ್ಟಿಗೆ ಕೇಳಿ ಪಡೆಯಿರಿ. ಟ್ಯೂಬ್‌ಲೈಟಿನ ಕೆಳಗೆ ನೋಡದೆ ಜಗಲಿಗೆ ಬನ್ನಿ.

ಅಲ್ಲಿ ಮೊದಲು ನೀವೇ ಬೆರೆಸಿದ ಪಟ್ಟಿಯನ್ನು ತರಗತಿಯ ಮುಂದಿಡಿ, ಅದರಲ್ಲಿ ಕಂದಿಗೆ ತಿರುಗಿದ ಒಂದು ಚೌಕ ಇರಲಿ. ಅನಂತರ ಪಟ್ಟಿಯನ್ನೂ ಅದರ ಎಲೆಯನ್ನೂ ಪಕ್ಕದವರಿಗೆ ಕೊಡಬೇಕು. ಪಕ್ಕದವರು ಹೇಳಬೇಕಾದದ್ದು ಎರಡೇ: ಯಾವ ಚೌಕ ಎಲೆಗೆ ಅತಿ ಹತ್ತಿರವಿದೆ, ಮತ್ತು ಎಲೆ ಅದಕ್ಕಿಂತ ಹೆಚ್ಚು ಹಳದಿಯೋ, ನೀಲಿಯೋ, ಗಾಢವೋ, ಮಂಕೋ. ಮುಂದೆ ಏನು ಸೇರಿಸುತ್ತೇನೆಂದು ಹೇಳುವ ಹಕ್ಕು ಪಟ್ಟಿಯ ಒಡೆಯರದು. ಒಮ್ಮೆ ಒಬ್ಬ ಹುಡುಗ, “ನಿನ್ನ ಮೂರನೆಯದು ಹತ್ತಿರ ಉಂಟು, ಆದರೆ ಎಲೆ ಇನ್ನೂ ಸ್ವಲ್ಪ ಕಪ್ಪು” ಎಂದಾಗ ಆ ಹುಡುಗಿ, “ಹಾಗಾದರೆ ನೀಲಿಯಾ, ಕೆಂಪಾ?” ಎಂದು ಕೇಳಿದಳು, ಇಬ್ಬರೂ ಒಟ್ಟಿಗೆ ಟೈಲ್ಸಿನ ಕಡೆಗೆ ಹೋದರು. ಮಾತು ಎಲೆಯ ಕುರಿತಾಗಿರುವುದರಿಂದ ನೋಯಲು ಅಲ್ಲಿ ಕಾರಣವೇ ಇರುವುದಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಹುಟ್ಟಿನಿಂದಲೇ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದ ಮಕ್ಕಳು, ಹೆಚ್ಚಾಗಿ ಹುಡುಗರು, ಯಾವ ತರಗತಿಯಲ್ಲಿಯೂ ಇರಬಹುದು. ಕಂದಾದ ಚೌಕವನ್ನೇ ಯಾರಾದರೂ ಮತ್ತೆ ಮತ್ತೆ ಹತ್ತಿರವೆಂದು ತೋರಿಸಿದರೆ ಎಲ್ಲರೆದುರು ತಿದ್ದದೆ, ಗಾಢ ಮತ್ತು ತಿಳಿಯನ್ನು ಮಾತ್ರ ಹೇಳುವ ಕೆಲಸವನ್ನು ಅವನಿಗೆ ಕೊಡಿ. ಮನೆಯವರಿಗೆ ಕಣ್ಣಿನ ಪರೀಕ್ಷೆಯ ವಿಷಯವನ್ನು ಆಮೇಲೆ ತಿಳಿಸಬಹುದು.

ಚಕ್ರವನ್ನು ಬರೆಸಲೇಬೇಕೆಂದು ಮೇಲಿನವರು ಕೇಳಿದರೆ ಮುಂದಿನ ವಾರ ಬರೆಸಿ, ಅದಕ್ಕೆ ಕ್ರಿಮ್ಸನ್ ಮತ್ತು ಅಲ್ಟ್ರಾಮರೀನ್ ಬಾಟಲಿಗಳನ್ನು ಬೇರೆಯಾಗಿ ಕೊಂಡುಕೊಳ್ಳಿ.