ಕಡಲೆ ಹೊಲದಲ್ಲಿ ಕೀಡೆ ಎಣಿಸುವಾಗ ಕಂಬಿಯ ಹೊರಗೆ ಉಳಿದ ಎರಡು ಸಾಲುಗಳು

ಪ್ರಶ್ನೆ: ಕಡಲೆ ಬೆಳೆಯಲ್ಲಿ ಕಾಯಿಕೊರಕದ ಎಣಿಕೆ ಮಾಡಬೇಕಾಗಿದೆ. ಎಣಿಸುವ ಜಾಗ ಗುರುತಿಸಲು ನೆಲಕ್ಕೆ ಇಡುವ ಚೌಕಟ್ಟು, ಅಂದರೆ ಕ್ವಾಡ್ರಾಟ್, ಅರ್ಧ ಮೀಟರ್ ಚೌಕದ್ದು ಸಾಕೇ, ಒಂದು ಮೀಟರ್ ಚೌಕದ್ದು ಬೇಕೇ? ಎರಡು ಎಕರೆಗೆ 10 ಹಾಕಿದರೆ ನಡೆಯುತ್ತದೆಯೇ ಅಥವಾ 30 ಹಾಕಬೇಕೇ?

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ನಾನೂ ಇದೇ ಎರಡು ಅಳತೆಗಳ ನಡುವೆ ತೂಗಾಡಿ, ಅರ್ಧ ಮೀಟರಿನದನ್ನು ಆರಿಸಿಕೊಂಡಿದ್ದೆ. ಗದಗ ಜಿಲ್ಲೆಯಲ್ಲಿ ನನ್ನ ಸೋದರಮಾವನ ಎರಡು ಎಕರೆ ಎರೆ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತಿದ್ದರು. ಹೂವು ಮುಗಿದು ಕಾಯಿ ಕಟ್ಟುವ ಹೊತ್ತಿಗೆ ಕೀಡೆ ಕಾಣಿಸಿತು. ಔಷಧ ಹೊಡೆಯಬೇಕೋ ಬೇಡವೋ ಎಂಬುದನ್ನು ಎಣಿಸಿಯೇ ಹೇಳುತ್ತೇನೆ ಎಂದು ನಾನು ಮುಂದೆ ಬಂದೆ. ವೆಲ್ಡಿಂಗ್ ಅಂಗಡಿಯಲ್ಲಿ 50 ಸೆಂ.ಮೀ. ಚೌಕದ ಕಂಬಿಯ ಚೌಕಟ್ಟು ಮಾಡಿಸಿದೆ. ಅದನ್ನು ಕಣ್ಣುಮುಚ್ಚಿ ಎಸೆದರೆ ಯಾದೃಚ್ಛಿಕ ಆಯ್ಕೆಯಾಗುವುದಿಲ್ಲ ಎಂಬುದು ಗೊತ್ತಿದ್ದುದರಿಂದ, ಮೊಬೈಲಿನಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ತೆಗೆದು, ಮೊದಲ ಸಂಖ್ಯೆ ಎಷ್ಟನೆಯ ಸಾಲು, ಎರಡನೆಯದು ಆ ಸಾಲಿನಲ್ಲಿ ಎಷ್ಟು ಹೆಜ್ಜೆ ಎಂದು ಇಟ್ಟುಕೊಂಡು ನಡೆದೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ತಪ್ಪು ನಡೆದದ್ದು ಚೌಕಟ್ಟನ್ನು ನೆಲಕ್ಕೆ ಇಡುವ ಆ ಎರಡು ಸೆಕೆಂಡಿನಲ್ಲಿ. ಸಂಖ್ಯೆ ಸೂಚಿಸಿದ ಸಾಲಿಗೆ ಹೋಗಿ, ಆ ಸಾಲು ಚೌಕಟ್ಟಿನ ನಟ್ಟನಡುವೆ ಬರುವಂತೆ ಇಡುತ್ತಿದ್ದೆ. ಅದು ಅಚ್ಚುಕಟ್ಟಾಗಿ ಕಾಣುತ್ತಿತ್ತು. ಸಾಲಿನಿಂದ ಸಾಲಿಗೆ ಅಂತರ 30 ಸೆಂ.ಮೀ. ನಡುವಿನ ಸಾಲಿನಿಂದ ಕಂಬಿಗೆ ಎರಡೂ ಕಡೆ 25 ಸೆಂ.ಮೀ. ಅಂದರೆ ಎಡದ ಸಾಲೂ ಬಲದ ಸಾಲೂ ಕಂಬಿಯಿಂದ ಕೇವಲ ಐದು ಸೆಂಟಿಮೀಟರ್ ಆಚೆ, ಕೈಬೆರಳಿನಷ್ಟು ದೂರದಲ್ಲಿ ನಿಂತಿದ್ದವು. ಅವುಗಳ ಟೊಂಗೆ ಒಳಗೆ ಬಾಗಿದ್ದರೂ ಬುಡ ಹೊರಗಿದೆ ಎಂಬ ನಿಯಮ ಹಿಡಿದು ಅವನ್ನು ಆಚೆ ಸರಿಸಿದೆ. ನಲವತ್ತು ಸಲ ಹೀಗೆಯೇ ಸರಿಸಿದೆ.

ಇದರಿಂದ ಏನಾಯಿತು ಎಂಬುದನ್ನು ನಿಧಾನವಾಗಿ ನೋಡಿ, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಇಲ್ಲಿಯೇ ಇದೆ. ಒಂದು ಚದರ ಮೀಟರ್ ಹೊಲದಲ್ಲಿ 30 ಸೆಂ.ಮೀ. ಅಂತರದ ಸಾಲುಗಳಿದ್ದರೆ, ಒಟ್ಟು 3.33 ಮೀಟರ್ ಉದ್ದದ ಸಾಲು ಇರುತ್ತದೆ. ಕಾಲು ಚದರ ಮೀಟರಿನ ನನ್ನ ಚೌಕಟ್ಟಿನಲ್ಲಿ ಅದರ ಕಾಲುಭಾಗ, ಅಂದರೆ ಸರಾಸರಿ 83 ಸೆಂ.ಮೀ. ಸಾಲು ಇರಬೇಕಿತ್ತು. ಆದರೆ ನಾನಿಟ್ಟ ರೀತಿಯಲ್ಲಿ ಪ್ರತಿ ಸಲವೂ ಒಂದೇ ಸಾಲಿನ 50 ಸೆಂ.ಮೀ. ಮಾತ್ರ ಸಿಕ್ಕುತ್ತಿತ್ತು. ನಲವತ್ತು ಚೌಕಟ್ಟಿನಲ್ಲಿ 24 ಕೀಡೆ ಸಿಕ್ಕವು, ಚೌಕಟ್ಟಿಗೆ 0.6, ಚದರ ಮೀಟರಿಗೆ 2.4. ಕಡಲೆಯಲ್ಲಿ ಔಷಧ ಹೊಡೆಯಬೇಕಾದ ಹಂತವೆಂದು ಸಾಮಾನ್ಯವಾಗಿ ಹೇಳುವ ಆರ್ಥಿಕ ನಷ್ಟದ ಮಟ್ಟ ಸಾಲಿನ ಒಂದು ಮೀಟರಿಗೆ ಒಂದು ಕೀಡೆಯಾದ್ದರಿಂದ, 2.4 ಅನ್ನು 3.33ರಿಂದ ಭಾಗಿಸಿ ಮೀಟರಿಗೆ 0.72 ಎಂದು ಬರೆದುಕೊಂಡೆ. ಒಂದಕ್ಕಿಂತ ಕಡಿಮೆ. ಹೊಡೆಯುವುದು ಬೇಡ ಎಂದು ಮಾವನಿಗೆ ಧೈರ್ಯವಾಗಿ ಹೇಳಿದೆ.

ಹತ್ತು ದಿನದಲ್ಲಿ ಕೀಡೆಗಳು ಬಲಿತು, ಅರ್ಧ ಮೈ ಕಾಯಿಯೊಳಗೆ, ಅರ್ಧ ಹೊರಗೆ ಇಟ್ಟುಕೊಂಡು ಕಾಳು ತಿನ್ನುತ್ತಿದ್ದವು. ಕಾಯಿಕೊರಕ ಹೆಚ್ಚು ತಿನ್ನುವುದು ಕೊನೆಯ ಹಂತಗಳಲ್ಲಿಯೇ. ಆಗ ಔಷಧವೂ ಅಷ್ಟಾಗಿ ತಾಗುವುದಿಲ್ಲ. ರಾಶಿಯಲ್ಲಿ ಮಾವನಿಗೆ ನಾಲ್ಕು ಚೀಲ ಕಡಿಮೆ ಬಂತು. "ಅಳಿಯಾ, ನಿನ್ನ ಎಣಿಕಿ ಆ ಹುಳಕ್ಕ ಗೊತ್ತಿರಲಿಲ್ಲೇನಪಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ತಪ್ಪನ್ನು ಕಂಡುಹಿಡಿದವರು ನನ್ನ ಮಾರ್ಗದರ್ಶಕರು. ನನ್ನ ಎಣಿಕೆಯ ಪುಸ್ತಕ ತಿರುವಿ ನೋಡಿ ಅವರು ಕೀಡೆಯ ಬಗ್ಗೆ ಏನನ್ನೂ ಕೇಳದೆ, ಚೌಕಟ್ಟಿಗೆ ಎಷ್ಟು ಗಿಡ ಇದ್ದವು ಎಂದು ಕೇಳಿದರು. ಅದೃಷ್ಟಕ್ಕೆ ಅದನ್ನೂ ಬರೆದಿದ್ದೆ: ಒಟ್ಟು 198 ಗಿಡ, ಅಂದರೆ ಚದರ ಮೀಟರಿಗೆ ಸುಮಾರು 20. ಸಾಲಿಗೆ 30, ಗಿಡಕ್ಕೆ 10 ಸೆಂ.ಮೀ. ಅಂತರದಲ್ಲಿ ಬಿತ್ತಿದ ಹೊಲದಲ್ಲಿ 33 ಗಿಡ ಇರಬೇಕು. ಉಳಿದ ಹದಿಮೂರು ಗಿಡ ಎಲ್ಲಿ ಹೋದವು ಎಂದರು. ಮೊಳಕೆ ಚೆನ್ನಾಗಿ ಬಂದಿತ್ತು, ಗಿಡ ಸತ್ತಿರಲಿಲ್ಲ. ಎಲ್ಲ ಕಂಬಿಯ ಐದು ಸೆಂಟಿಮೀಟರ್ ಆಚೆ ನಿಂತಿದ್ದವು. ಅದೇ ಪುಸ್ತಕದ ಅದೇ 24 ಕೀಡೆಗಳನ್ನು ನಾನು ನಿಜವಾಗಿ ನೋಡಿದ ಸಾಲಿನ ಉದ್ದಕ್ಕೆ, ಅಂದರೆ 40 ಚೌಕಟ್ಟಿಗೆ ಅರ್ಧರ್ಧ ಮೀಟರಿನಂತೆ 20 ಮೀಟರಿಗೆ, ಭಾಗಿಸಿದರೆ ಬರುವುದು 1.2. ಮಟ್ಟ ದಾಟಿತ್ತು. ಎಣಿಕೆಯಲ್ಲಿ ಒಂದು ಹುಳವೂ ತಪ್ಪಿರಲಿಲ್ಲ, ಭಾಜಕ ತಪ್ಪಿತ್ತು. ನಲವತ್ತರ ಬದಲು ನಾನೂರು ಚೌಕಟ್ಟು ಹಾಕಿದ್ದರೂ ಇದೇ 0.72 ಇನ್ನಷ್ಟು ಖಚಿತವಾಗಿ ಬರುತ್ತಿತ್ತು. ಅದಕ್ಕಾಗಿಯೇ 10 ಅಥವಾ 30 ಎಂಬ ನಿಮ್ಮ ಪ್ರಶ್ನೆಯನ್ನು ಮೊದಲ ಪ್ರಶ್ನೆಯೆಂದು ನಾನು ಒಪ್ಪುವುದಿಲ್ಲ.

ಒಂದು ಮೀಟರಿನ ಚೌಕವೂ ಈ ತೊಂದರೆಯಿಂದ ಪಾರಾಗಿಲ್ಲ. ಅದನ್ನು ಎಲ್ಲೆಂದರಲ್ಲಿ ಇಟ್ಟರೆ ಕೆಲವು ಸಲ ಮೂರು ಸಾಲು, ಕೆಲವು ಸಲ ನಾಲ್ಕು ಸಾಲು ಒಳಗೆ ಬರುತ್ತವೆ. ಅರ್ಧ ಮೀಟರಿನದರಲ್ಲಿ ಒಂದು ಅಥವಾ ಎರಡು, ಅಂದರೆ ದುಪ್ಪಟ್ಟು ವ್ಯತ್ಯಾಸ. ನೀವು ನಿಜವಾಗಿಯೂ ಯಾದೃಚ್ಛಿಕವಾಗಿ ಇಟ್ಟರೆ ಸರಾಸರಿ ಸರಿಹೋಗುತ್ತದೆ, ಆದರೆ ಹುಳಕ್ಕೆ ಸಂಬಂಧವೇ ಇಲ್ಲದ ಏರಿಳಿತ ಎಣಿಕೆಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಸಾಲಿನಲ್ಲಿ ಬಿತ್ತಿದ ಬೆಳೆಗೆ ಚೌಕವನ್ನೇ ಬಿಡಿ. ಅಗಲ ಸಾಲಿನ ಅಂತರದ ಗುಣಕವಾಗಿರಲಿ. ನಾನು ಈಗ ಬಳಸುವುದು ಸಾಲಿಗೆ ಅಡ್ಡವಾಗಿ 60, ಸಾಲಿನ ಉದ್ದಕ್ಕೆ 50 ಸೆಂ.ಮೀ. ಇರುವ ಚೌಕಟ್ಟು. ಅದರಲ್ಲಿ ಎರಡು ಸಾಲಿನ ಅರ್ಧರ್ಧ ಮೀಟರ್, ಒಟ್ಟಿಗೆ ಸರಿಯಾಗಿ ಒಂದು ಮೀಟರ್ ಸಾಲು ಬರುತ್ತದೆ. ಸಿಕ್ಕ ಸಂಖ್ಯೆಯನ್ನು ಏನೂ ಗುಣಿಸದೆ ನಷ್ಟದ ಮಟ್ಟದೊಂದಿಗೆ ಹೋಲಿಸಬಹುದು. ನಾಲ್ಕನೆಯ ಬದಿಯ ಕಂಬಿ ಇಲ್ಲದೆ ಮೂರು ಬದಿಯದನ್ನೇ ಮಾಡಿಸಿ, ಆಗ ಗಿಡವನ್ನು ಅಲುಗಿಸದೆ ಬುಡದಲ್ಲಿ ತೂರಿಸಬಹುದು. ಆಯ್ದ ಸಾಲು ಯಾವಾಗಲೂ ಎಡಗಡೆಯದಾಗಿರಲಿ, ಎರಡೂ ಸಾಲು ಅಂಚಿನಿಂದ 15 ಸೆಂ.ಮೀ. ಒಳಗಿರಲಿ.

ಇಡುವ ಮೊದಲು ಅಂತರವನ್ನು ಟೇಪಿನಿಂದ ಅಳೆಯಿರಿ. ಕೂರಿಗೆಯ ತಾಳುಗಳ ನಡುವೆ ಅಂತರ ಒಂದೇ ಇದ್ದರೂ, ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಶುರುವಾಗುವ ಜಾಗದಲ್ಲಿ ಅದು 25 ಆಗಿರಬಹುದು, 38 ಆಗಿರಬಹುದು. ಹನ್ನೊಂದು ಸಾಲುಗಳನ್ನು ದಾಟಿ ಅಳೆದು ಹತ್ತರಿಂದ ಭಾಗಿಸಿ. ಮತ್ತು ಪ್ರತಿ ಚೌಕಟ್ಟಿನ ಗಿಡಗಳನ್ನೂ ಎಣಿಸಿ. ಇಡುವ ರೀತಿ ವಾಲಿದೆಯೇ ಎಂಬುದನ್ನು ಇದಕ್ಕಿಂತ ಬೇಗ ತೋರಿಸಿಕೊಡುವ ಉಪಾಯ ನನಗೆ ಸಿಕ್ಕಿಲ್ಲ.

ಇನ್ನು ಸಂಖ್ಯೆಯ ಮಾತು. ಅದು ಎಕರೆಯಿಂದ ನಿರ್ಧಾರವಾಗುವುದಿಲ್ಲ, ಹುಳ ಎಷ್ಟು ಗುಂಪಾಗಿದೆ ಎಂಬುದರಿಂದ ನಿರ್ಧಾರವಾಗುತ್ತದೆ. ಮೊದಲು ಹತ್ತು ಚೌಕಟ್ಟು ಹಾಕಿ ನೋಡಿ. ಮರುವರ್ಷ ಮಾವನ ಹೊಲದಲ್ಲಿಯೇ ನನಗೆ ಸಿಕ್ಕ ಮೊದಲ ಹತ್ತು ಎಣಿಕೆ ಹೀಗಿತ್ತು: 0, 2, 1, 0, 3, 0, 1, 4, 0, 1. ಸರಾಸರಿ 1.2, ಎಣಿಕೆಗಳು ಅದರಿಂದ ಎಷ್ಟು ಚದುರಿವೆ ಎಂದು ಹೇಳುವ ವೇರಿಯನ್ಸ್ 1.96. ಹುಳಗಳು ಹೊಲದ ತುಂಬ ಹೇಗೆಂದರೆ ಹಾಗೆ ಚೆಲ್ಲಿದ್ದರೆ ಇವೆರಡೂ ಹೆಚ್ಚುಕಡಿಮೆ ಸಮವಾಗಿರಬೇಕು. ವೇರಿಯನ್ಸ್ ದೊಡ್ಡದಾದರೆ ಹುಳ ಗುಂಪಾಗಿದೆ ಎಂಬ ಗುಮಾನಿ ಬರಬೇಕು. ಈ ಪತಂಗ ಮೊಟ್ಟೆಯನ್ನು ಒಂದೊಂದಾಗಿಯೇ ಇಡುತ್ತದೆಯಾದರೂ, ಸೊಂಪಾಗಿ ಬೆಳೆದು ಹೂಬಿಟ್ಟ ಜಾಗಕ್ಕೆ ಹೆಚ್ಚು ಬರುವುದರಿಂದ ಕೀಡೆಗಳು ತೇಪೆತೇಪೆಯಾಗಿ ಕಾಣುತ್ತವೆ. ಬೇಕಾದ ಚೌಕಟ್ಟುಗಳ ಸಂಖ್ಯೆಗೆ ಸೂತ್ರ ಇದು:

```
n = s² / (D² × m²)
```

ಇಲ್ಲಿ m ಸರಾಸರಿ, s² ವೇರಿಯನ್ಸ್, D ಎಂದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ನಮ್ಮ ಸರಾಸರಿ ನಿಜದಿಂದ ಎಷ್ಟು ಆಚೀಚೆ ಇರಬಹುದೆಂಬ ಅಂದಾಜು, ಸರಾಸರಿಯ ಎಷ್ಟು ಭಾಗವಿದ್ದರೆ ನಿಮಗೆ ಒಪ್ಪಿಗೆ ಎಂಬುದು. ಔಷಧದ ನಿರ್ಧಾರಕ್ಕೆ 0.25 ಸಾಕು, ಆಗ 1.96 ಅನ್ನು 0.0625 × 1.44ರಿಂದ, ಅಂದರೆ 0.09ರಿಂದ ಭಾಗಿಸಿದರೆ 22 ಚೌಕಟ್ಟು ಬೇಕಾಗುತ್ತದೆ. ಸಂಶೋಧನೆಗೆಂದು 0.10 ಕೇಳಿದರೆ ಅದೇ ಹೊಲಕ್ಕೆ 136 ಬೇಕು. ಚೌಕಟ್ಟಿಗೆ ಮೂರು ನಿಮಿಷವೆಂದರೂ ಮೊದಲನೆಯದು ಒಂದು ಬೆಳಗಿನ ಕೆಲಸ, ಎರಡನೆಯದು ಏಳು ಗಂಟೆ. ಹತ್ತೇ ಹಾಕಿ ನಿಲ್ಲಿಸುತ್ತೇನೆ ಎಂದರೆ ಬೇಡವೆನ್ನುತ್ತೇನೆ. ನಾಲ್ಕು ಮೀಟರ್ ಸಾಲು ಹಿಡಿಯುವ ದೊಡ್ಡ ಚೌಕಟ್ಟು ಮಾಡಿ ಆರೇ ಕಡೆ ಇಡುತ್ತೇನೆ ಎಂದರೂ ಬೇಡ: ಒಟ್ಟು ನೋಡಿದ ಸಾಲು ಅಷ್ಟೇ ಆದರೂ ನೀವು ನಿಂತ ಜಾಗ ಆರೇ ಆಗುತ್ತದೆ, ತೇಪೆ ಸಿಕ್ಕಿತೋ ತಪ್ಪಿತೋ ಎಂಬುದೇ ಫಲಿತಾಂಶವಾಗಿಬಿಡುತ್ತದೆ. ಇದಕ್ಕೆ ವಿರುದ್ಧವಾಗಿ ಚೌಕಟ್ಟು ತೀರ ಚಿಕ್ಕದಾಗಿ, ಹತ್ತರಲ್ಲಿ ಎಂಟಕ್ಕೆ ಸೊನ್ನೆಯೇ ಬರುತ್ತಿದ್ದರೆ ಉದ್ದ ಹೆಚ್ಚಿಸಿ, ಅಗಲ ಮುಟ್ಟಬೇಡಿ.

22 ಹಾಕಿದ ಮೇಲೂ ಒಂದು ಮಿತಿ ಉಳಿಯುತ್ತದೆ. ಸರಾಸರಿ 1.2 ಬಂದರೆ ಸ್ಟ್ಯಾಂಡರ್ಡ್ ಎರರ್ 0.3, ಅದರ ಎರಡರಷ್ಟು ಆಚೀಚೆ ಹಿಡಿದರೆ ನಿಜವಾದ ಸಂಖ್ಯೆ 0.6ರಿಂದ 1.8ರೊಳಗೆ ಎಲ್ಲಾದರೂ ಇರಬಹುದು, ಮಟ್ಟವಾದ ಒಂದು ಅದರ ನಡುವೆಯೇ ಕುಳಿತಿದೆ. ಹೀಗಾದಾಗ ನಾನು ಅಂದೇ ತೀರ್ಮಾನಿಸದೆ, ಮೂರು ದಿನ ಬಿಟ್ಟು ಹೊಸ ಯಾದೃಚ್ಛಿಕ ಜಾಗಗಳಲ್ಲಿ ಮತ್ತೆ ಎಣಿಸುತ್ತೇನೆ. ಮರಿಗಳು ಚಿಕ್ಕವಾಗಿದ್ದರೆ ಆ ಮೂರು ದಿನ ಕಾಯಬಹುದು, ಬೆರಳಿನ ಗೆಣ್ಣಿನಷ್ಟು ಉದ್ದದವು ಕಾಣಿಸುತ್ತಿದ್ದರೆ ಕಾಯುವಂತಿಲ್ಲ. ಹಾಗಾಗಿ ಚಿಕ್ಕದು, ದೊಡ್ಡದು ಎಂದು ಎರಡು ಕಾಲಂ ಮಾಡಿಕೊಳ್ಳಿ. ಸರಾಸರಿ ಮೂರು ಬಂದರೆ ಈ ಸಂಕಟವೇ ಇಲ್ಲ.

ಇವೆಲ್ಲ ಗಿಡದ ಮೇಲೆ ನಿಧಾನವಾಗಿ ತೆವಳುವ ಹುಳಕ್ಕೆ ಹೇಳಿದ ಮಾತು. ನೀವು ಹತ್ತಿರ ಬಂದ ಕೂಡಲೇ ಜಿಗಿಯುವ ಮಿಡತೆಗೆ, ಅಥವಾ ಕೈಯಿಂದ ಎರಚಿ ಬಿತ್ತಿದ ಬೆಳೆಗೆ ಈ ಅಳತೆಗಳನ್ನು ಎತ್ತಿಕೊಂಡು ಹೋಗಬೇಡಿ.

ಎಣಿಸಲು ಬೆಳಿಗ್ಗೆಯೇ ಹೋಗಿ, ಆದರೆ ಇಬ್ಬನಿಯಲ್ಲಿ ಕಡಲೆಯ ಹುಳಿ ಕಾಲಿಗೆ ಹತ್ತಿ ಉರಿಯುತ್ತದೆ, ಉದ್ದ ಪ್ಯಾಂಟೂ ಬೂಟೂ ಇರಲಿ. ಎರಡು ಸಾಲಿನ ನಡುವೆ ಬಿಳಿ ಬಟ್ಟೆ ಹಾಸಿ, ಮೊದಲು ಗಿಡದ ತುದಿ ಮತ್ತು ಹೂವಿನೊಳಗೆ ಕೂತ ಸಣ್ಣ ಮರಿಗಳನ್ನು ಕಣ್ಣಿನಿಂದ ನೋಡಿ ಬರೆದುಕೊಂಡು ತೆಗೆದುಹಾಕಿ, ಆಮೇಲೆ ಗಿಡವನ್ನು ಅಲುಗಿಸಿ ಬಟ್ಟೆಗೆ ಬಿದ್ದುದನ್ನು ಸೇರಿಸಿ. ನನ್ನ ಆ ಹಳೆಯ ಚೌಕ ಕಂಬಿಯ ಮೇಲೆ ಈಗ ಮಾವನ ಮನೆಯಲ್ಲಿ ಅವರೆ ಬಳ್ಳಿ ಹಬ್ಬಿದೆ. ಎಣಿಸುವ ದಿನ ಮೂರು ಬದಿಯದನ್ನು ಹಿಡಿದು ಬರುವವರು ಅವರೇ, ಗಿಡದ ಲೆಕ್ಕ ಮೊದಲು ಕೇಳುವವರೂ ಅವರೇ.